ಮದರಂಗಿ ಕೆಂಪಾಗಲಿ, ಕೈ ಕೆಂಪಾಗದಿರಲಿ

ಮದುವೆಯ ಆಲ್ಬಮ್‌ಗಳಲ್ಲಿ ಈಗ ಮದುಮಗಳ ಕೈಗಳಿಗೆಂದೇ ಒಂದೆರಡು ಪುಟ ಮೀಸಲು. ಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ಕೂತದ್ದು, ಹಸಿರು ಬಳೆ ತುಂಬಿದ ಎರಡೂ ಕೈ ಜೋಡಿಸಿದ್ದು, ಧಾರೆಯ ಹೊತ್ತಿನಲ್ಲಿ ತೆಂಗಿನಕಾಯಿ ಹಿಡಿದದ್ದು, ಹೀಗೆ. ಮನೆಯವರು ಈ ಪುಟ ತೆರೆದಾಗ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ‘ಅವತ್ತು ಮೆಹೆಂದಿ ಎಷ್ಟು ಚೆನ್ನಾಗಿ ಕಾಣ್ತಿತ್ತು, ಫೋಟೊದಲ್ಲಿ ಯಾಕೆ ಹೀಗೆ ಮಂಕಾಗಿದೆ?’ ದೂರು ಕೇಳಿದ ಸ್ಟುಡಿಯೊದವರು ಸ್ಯಾಚುರೇಶನ್ ಏರಿಸುತ್ತಾರೆ. ಮೆಹೆಂದಿ ಏನೋ ಎದ್ದು ಕಾಣುತ್ತದೆ. ಅದರ ಬೆನ್ನಿಗೇ ಕೈಯೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಚಿನ್ನದ ಬಳೆ ಹಳದಿ ಪ್ಲಾಸ್ಟಿಕ್ಕಿನಂತಾಗುತ್ತದೆ, ಗಾಜಿನ ಬಳೆಯ ಹಸಿರು ಕಣ್ಣು ಕುಕ್ಕುತ್ತದೆ.

ಇದು ಸ್ಟುಡಿಯೊದವರ ಅಭಿರುಚಿಯ ದೋಷ ಎಂದು ತಳ್ಳಿಹಾಕುವಂತಿಲ್ಲ. ತೊಂದರೆ ಬಣ್ಣದ ಲೆಕ್ಕದಲ್ಲೇ ಇದೆ.

ಫೋಟೊದ ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿಂದ ಆಗಿರುತ್ತದೆ. ಒಂದೊಂದೂ 0ರಿಂದ 255ರವರೆಗೆ. ಕಿಟಕಿಯ ಬೆಳಕಿನಲ್ಲಿ ತೆಗೆದ, ಗೋಧಿ ಮೈಬಣ್ಣದ ಕೈಯ ಚಿತ್ರವೊಂದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಮುಂಗೈ ಮೇಲಿನ ಬರಿಯ ಚರ್ಮದ ಅಂಕಿ ಸುಮಾರು 205, 160, 130 ಎನ್ನೋಣ. ಹಿಂದಿನ ರಾತ್ರಿ ಹಚ್ಚಿ ಬೆಳಗ್ಗೆ ಉದುರಿಸಿದ, ಇನ್ನೂ ಕಿತ್ತಳೆಯಾಗಿಯೇ ಇರುವ ಮೆಹೆಂದಿಯ ಗೆರೆ 180, 112, 75. ಇವನ್ನು ಬಣ್ಣಚಕ್ರದ ಕೋನಕ್ಕೆ ಇಳಿಸಿದರೆ ಚರ್ಮ ಸುಮಾರು 24 ಡಿಗ್ರಿಯಲ್ಲಿ ಕೂರುತ್ತದೆ, ಮೆಹೆಂದಿ 21 ಡಿಗ್ರಿಯಲ್ಲಿ. ನಡುವಿನ ಅಂತರ ಮೂರೇ ಡಿಗ್ರಿ. ಎಡಿಟಿಂಗ್ ಆ್ಯಪ್‌ಗಳಲ್ಲಿ ‘ಆರೆಂಜ್’ ಎಂದು ಬರೆದ ಸ್ಲೈಡರ್ ಹಿಡಿಯುವ ವಲಯ ಇದಕ್ಕಿಂತ ಎಷ್ಟೋ ಅಗಲ. ಆ ಸ್ಲೈಡರಿಗೆ ಮದರಂಗಿಯೂ ಕಿತ್ತಳೆ, ಕೈಯೂ ಕಿತ್ತಳೆ. ಒಂದನ್ನು ಎಳೆದರೆ ಇನ್ನೊಂದು ಬಂದೇ ಬರುತ್ತದೆ. ಕ್ಲ್ಯಾರಿಟಿ, ಕಾಂಟ್ರಾಸ್ಟ್‌ಗಳ ಹಾದಿ ಹಿಡಿದರೆ ಮತ್ತೊಂದು ಕಾಟ: ಗೆರೆಗಳ ಜೊತೆಗೆ ಗೆಣ್ಣಿನ ಸುಕ್ಕು, ರೋಮ, ನರಗಳೆಲ್ಲ ಉಬ್ಬಿ ನಿಂತು, ಇಪ್ಪತ್ತೈದರ ಹುಡುಗಿಯ ಕೈ ಐವತ್ತರದಾಗುತ್ತದೆ.

ಹಾಗಾದರೆ ಇವೆರಡನ್ನು ಬೇರ್ಪಡಿಸುವುದು ಎಲ್ಲಿ? ಉತ್ತರ ಅದೇ ಅಂಕಿಗಳಲ್ಲಿದೆ. ಮದರಂಗಿ ಎಲೆಯಲ್ಲಿ ಲಾಸೋನ್ ಎಂಬ ವರ್ಣದ್ರವ್ಯವಿದೆ. ಅದು ಚರ್ಮದ ಹೊರಪದರದ ಕೆರಾಟಿನ್‌ಗೆ ಅಂಟಿಕೊಂಡು, ಬೀಳುವ ಬೆಳಕಿನಲ್ಲಿ ನೀಲಿಯನ್ನೂ ಹಸಿರನ್ನೂ ಹೆಚ್ಚು ನುಂಗುತ್ತದೆ, ಕೆಂಪನ್ನು ಬಹುಪಾಲು ಹಾಗೆಯೇ ಹಿಂತಿರುಗಿಸುತ್ತದೆ. ಹಾಗಾಗಿ ಚರ್ಮದಿಂದ ಮೆಹೆಂದಿಗೆ ಬರುವಾಗ ಕೆಂಪಿನ ಅಂಕಿ 205ರಿಂದ 180ಕ್ಕೆ ಇಳಿದರೆ, ಹಸಿರು 160ರಿಂದ 112ಕ್ಕೆ, ನೀಲಿ 130ರಿಂದ 75ಕ್ಕೆ ಇಳಿಯುತ್ತದೆ. ಚಿತ್ರವನ್ನು ಮೂರು ಚಾನೆಲ್‌ಗಳಾಗಿ ಬಿಡಿಸಿ ಕಪ್ಪು-ಬಿಳುಪಿನಲ್ಲಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಕೆಂಪು ಚಾನೆಲ್‌ನಲ್ಲಿ ಮೆಹೆಂದಿ ಇದ್ದೂ ಇಲ್ಲದಂತೆ ತೆಳ್ಳಗಿರುತ್ತದೆ. ಹಸಿರಿನಲ್ಲಿ ವಿನ್ಯಾಸ ಸ್ಪಷ್ಟ. ನೀಲಿಯಲ್ಲಿ ಇನ್ನೂ ಗಾಢ, ಆದರೆ ಆ ಚಾನೆಲ್‌ನಲ್ಲಿ ಮರಳು ಚೆಲ್ಲಿದಂಥ ಗದ್ದಲವೂ ಹೆಚ್ಚು. ಆದ್ದರಿಂದ ಕೆಲಸಕ್ಕೆ ಒದಗುವುದು ಕೆಂಪು ಮತ್ತು ಹಸಿರು ಚಾನೆಲ್‌ಗಳು. ಇವೆರಡರ ವ್ಯತ್ಯಾಸದಿಂದ ಮೆಹೆಂದಿಗೆ ಮಾತ್ರ ತಾಗುವ ಮಾಸ್ಕ್ ಒಂದನ್ನು ತಯಾರಿಸಬಹುದು. ಗೆರೆಗೆರೆಯನ್ನೂ ಬ್ರಷ್ ಹಿಡಿದು ತಿದ್ದುತ್ತ ಕೂರಬೇಕಿಲ್ಲ.

ಹಸಿರು ಚಾನೆಲ್ ಒಂದೇ ಸಾಲದೇ ಎಂದರೆ, ಮುಂಗೈ ಚಿತ್ರಗಳಲ್ಲಿ ಸಾಲದು. ಅಲ್ಲಿ ಬೆರಳುಗಳ ನಡುವಿನ ನೆರಳು ಅಡ್ಡ ಬರುತ್ತದೆ. ನಮ್ಮ ಮಾದರಿ ಚಿತ್ರದಲ್ಲಿ ನೆರಳು ಬಿದ್ದ ಚರ್ಮ 125, 92, 72 ಎಂದುಕೊಂಡರೆ, ಅದರ ಹಸಿರು ಅಂಕಿ ಮೆಹೆಂದಿಯದಕ್ಕಿಂತಲೂ ಕಡಿಮೆ. ಹಸಿರು ಚಾನೆಲ್ ನಂಬಿದರೆ ನೆರಳೂ ಮೆಹೆಂದಿಯ ಲೆಕ್ಕಕ್ಕೆ ಸೇರಿ, ಬೆರಳ ಸಂದುಗಳೆಲ್ಲ ಕಂದುಗಟ್ಟುತ್ತವೆ. ಕೆಂಪಿನಿಂದ ಹಸಿರನ್ನು ಕಳೆದರೆ ಚಿತ್ರ ಬದಲಾಗುತ್ತದೆ. ಚರ್ಮಕ್ಕೆ ಸಿಗುವುದು 45, ಮೆಹೆಂದಿಗೆ 68, ನೆರಳಿಗೆ 33. ಈಗ ಮೆಹೆಂದಿ ಎಲ್ಲಕ್ಕಿಂತ ಮೇಲೆ, ನೆರಳು ಎಲ್ಲಕ್ಕಿಂತ ಕೆಳಗೆ. ನೆರಳು ಮೂರೂ ಬಣ್ಣಗಳನ್ನು ಹೆಚ್ಚುಕಡಿಮೆ ಒಟ್ಟಿಗೆ ತಗ್ಗಿಸುತ್ತದೆ, ಮದರಂಗಿ ಪಕ್ಷಪಾತ ಮಾಡುತ್ತದೆ ಎಂಬುದೇ ಇದಕ್ಕೆ ಕಾರಣ.

ಬಳೆಗಳಿಗೂ ಈ ಕಳೆಯುವ ಲೆಕ್ಕದಿಂದ ಅನುಕೂಲವಿದೆ. ಮದುವೆಯ ಹಸಿರು ಗಾಜಿನ ಬಳೆಯಲ್ಲಿ ಹಸಿರೇ ಕೆಂಪಿಗಿಂತ ಹೆಚ್ಚು, ಆದ್ದರಿಂದ ಕಳೆದಾಗ ಉಳಿಯುವುದು ಸೊನ್ನೆ. ಅಂದರೆ ಬಳೆಶಾಸ್ತ್ರದ ದಿನ ಮೊಣಕೈವರೆಗೆ ತೊಡಿಸಿದ ಬಳೆಗಳೆಲ್ಲ ತಾವಾಗಿಯೇ ಮಾಸ್ಕ್‌ನಿಂದ ಹೊರಗೆ! ಹೊಳೆಯುವ ಚಿನ್ನ 200, 155, 70ರ ಆಸುಪಾಸಿನಲ್ಲಿದ್ದರೆ ಅದೂ 45ಕ್ಕೇ ನಿಂತು ಚರ್ಮದ ಜೊತೆ ತಪ್ಪಿಸಿಕೊಳ್ಳುತ್ತದೆ. ಸಿಕ್ಕಿಬೀಳುವುದು ಚಿನ್ನದ ಕಂದು ನೆರಳಿನ ಭಾಗ, ಆಂಟಿಕ್ ಮೆರುಗಿನ ಬಳೆ, ಕೆಂಪು ಹರಳು, ಕೆಂಪು ಗಾಜು, ಉಗುರುಬಣ್ಣ, ಸೀರೆಯ ಕೆಂಪಂಚು. ಇವಿಷ್ಟನ್ನು ಕೈಯಾರೆ ಅಳಿಸಬೇಕು.

ಕೆಲಸಕ್ಕೆ ಉಚಿತವಾಗಿ ಸಿಗುವ ಗಿಂಪ್ ಸಾಕು. ಫೋಟೊಶಾಪ್ ಇದ್ದವರು ಇದನ್ನೇ Calculations ಎಂಬ ಕಿಟಕಿಯಲ್ಲಿ ಮಾಡಬಹುದು. ಇಲ್ಲಿ ಗಿಂಪ್‌ನ ದಾರಿಯನ್ನೇ ಹಿಡಿಯೋಣ.

ಮೊದಲು ಬಿಳಿಯನ್ನು ಬಿಳಿಯಾಗಿಸಬೇಕು. ಕಲ್ಯಾಣ ಮಂಟಪಗಳಲ್ಲಿ ಮೇಲೆ ಹಳದಿ ದೀಪ, ವೇದಿಕೆಯಲ್ಲಿ ಗುಲಾಬಿಯೋ ನೇರಳೆಯೋ ಬಣ್ಣದ ಎಲ್‌ಇಡಿ, ಪಕ್ಕದಲ್ಲಿ ಕೆಂಪು ಶಾಮಿಯಾನ. ಈ ಬಣ್ಣಗಳು ಚರ್ಮದ ಮೇಲೆ ಬಿದ್ದಿರುವಾಗಲೇ ಮಾಸ್ಕ್ ಕತ್ತರಿಸಲು ಹೊರಟರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. Colors ಮೆನುವಿನ Levels ತೆರೆದು, ಬೂದು ಬಣ್ಣವನ್ನು ಆರಿಸುವ ಪಿಚಕಾರಿಯನ್ನು ಚಿತ್ರದಲ್ಲಿ ನಿಜಕ್ಕೂ ಬಣ್ಣವಿಲ್ಲದ ಜಾಗವೊಂದರ ಮೇಲೆ ಒತ್ತಬೇಕು. ಮದುಮಗನ ಬಿಳಿ ಪಂಚೆಯ ನೆರಳಿನ ಮಡಿಕೆ ಸಾಮಾನ್ಯವಾಗಿ ಒದಗುತ್ತದೆ. ಅಕ್ಷತೆ ಕಾಳನ್ನು ನಂಬಬಾರದು, ಅದಕ್ಕೆ ಅರಿಶಿನ ಬೆರೆತಿರುತ್ತದೆ. ಮಲ್ಲಿಗೆ ಮೊಗ್ಗಿನಲ್ಲೂ ಹಸಿರು-ಕೆನೆ ಛಾಯೆ ಇರುತ್ತದೆ. ವೇದಿಕೆಯ ನೇರಳೆ ಬೆಳಕು ಕೈಯ ಒಂದು ಬದಿಗೆ ಮಾತ್ರ ಬಿದ್ದಿದ್ದರೆ ಯಾವ ಪಿಚಕಾರಿಯೂ ಅದನ್ನು ಸರಿಮಾಡಲಾರದು. ಅಂಥ ಚಿತ್ರ ಬಿಟ್ಟು ಬೇರೆಯದನ್ನು ಆರಿಸುವುದೇ ಜಾಣತನ.

ಬಿಳಿ ಸರಿಹೋದ ಮೇಲೆ ಚಿತ್ರದ ಲೇಯರ್‌ಗೆ ಒಂದು ನಕಲು ಮಾಡಿ ಮೇಲಿಡಬೇಕು. ಆಮೇಲೆ Colors ಮೆನುವಿನಲ್ಲಿ Components, ಅದರೊಳಗೆ Decompose ಆರಿಸಿ, ಬಣ್ಣದ ಮಾದರಿ RGB ಎಂದೂ ‘ಲೇಯರ್‌ಗಳಾಗಿ ಬಿಡಿಸು’ ಎಂಬ ಗುರುತೂ ಇದೆಯೆಂದು ನೋಡಿಕೊಂಡು ಒಪ್ಪಿಗೆ ಕೊಟ್ಟರೆ, ಮೂರು ಕಪ್ಪು-ಬಿಳುಪು ಲೇಯರ್‌ಗಳ ಹೊಸ ಚಿತ್ರವೊಂದು ತೆರೆದುಕೊಳ್ಳುತ್ತದೆ. ನೀಲಿಯ ಪಕ್ಕದ ಕಣ್ಣು ಮುಚ್ಚಿ ಮರೆಮಾಡಬೇಕು. ಹಸಿರನ್ನು ಕೆಂಪಿನ ಮೇಲಕ್ಕೆ ಎಳೆದು, ಅದರ ಮೋಡ್ ಅನ್ನು Subtract ಮಾಡಬೇಕು. ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಈಚಿನ ಗಿಂಪ್ ಆವೃತ್ತಿಗಳಲ್ಲಿ ಸಾಮಾನ್ಯ Subtract ಬೆಳಕಿನ ನೇರ ಪ್ರಮಾಣದಲ್ಲಿ ಕಳೆಯುತ್ತದೆ, ಪರದೆಯ ಮೇಲೆ ಓದುವ 0–255ರ ಅಂಕಿಗಳಲ್ಲಿ ಅಲ್ಲ. ಹಾಗೆ ಕಳೆದರೆ ಚರ್ಮ ಮತ್ತು ಮೆಹೆಂದಿಯ ಅಂತರ ಬಹಳ ಕುಗ್ಗುತ್ತದೆ. ಮೋಡ್ ಪಟ್ಟಿಯ ಪಕ್ಕದ ಪುಟ್ಟ ಗುಂಡಿ ಒತ್ತಿ Legacy ಗುಂಪಿಗೆ ಹೋಗಿ, ಅಲ್ಲಿನ Subtract ಆರಿಸಿದರೆ ಲೆಕ್ಕ ಸರಿಹೋಗುತ್ತದೆ.

ಈಗ ಪರದೆಯ ಮೇಲೆ ಕಾಣುವುದು ಕತ್ತಲೆಯಂಥ ಚಿತ್ರ. ಗಾಬರಿ ಬೇಡ. Edit ಮೆನುವಿನ Copy Visible ಒತ್ತಿ, ಅದನ್ನು ಹೊಸ ಚಿತ್ರವಾಗಿ ಅಂಟಿಸಿ, Gaussian Blur ಅನ್ನು ಒಂದು ಪಿಕ್ಸೆಲ್‌ನಷ್ಟು ಹಾಕಬೇಕು. ಇದನ್ನು ಬಿಡುವಂತಿಲ್ಲ. ಚರ್ಮಕ್ಕೂ ಮೆಹೆಂದಿಗೂ ಇರುವ ಇಪ್ಪತ್ತಮೂರು ಅಂಕಿಗಳ ಅಂತರವನ್ನು ಮುಂದೆ ಪೂರ್ತಿ ಕಪ್ಪು-ಬಿಳುಪಿಗೆ ಹಿಗ್ಗಿಸಬೇಕಾಗಿರುವುದರಿಂದ ಕ್ಯಾಮೆರಾದ ಗದ್ದಲವೂ ಅಷ್ಟೇ ಹಿಗ್ಗುತ್ತದೆ. ನಂತರ Levels ತೆರೆದು, ಎಡಗಡೆಯ ಕಪ್ಪು ತ್ರಿಕೋನವನ್ನು ಬಲಕ್ಕೆ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಚರ್ಮ ಕಪ್ಪಾಗಿ ಮುಳುಗುತ್ತದೆ. ಬಲಗಡೆಯ ಬಿಳಿ ತ್ರಿಕೋನವನ್ನು ಎಡಕ್ಕೆ ತಂದರೆ ವಿನ್ಯಾಸ ಬೆಳ್ಳಗೆ ಮೇಲೇಳುತ್ತದೆ. ಮಾದರಿ ಚಿತ್ರದಲ್ಲಿ ಕಪ್ಪು 48ರ ಹತ್ತಿರ, ಬಿಳಿ 66ರ ಹತ್ತಿರ ನಿಲ್ಲುತ್ತದೆ. ಬೇರೆ ಚಿತ್ರದಲ್ಲಿ ಬೇರೆ ಅಂಕಿ, ಅದಕ್ಕೆ ಕಣ್ಣೇ ಪ್ರಮಾಣ. ಎಲ್ಲ ಗೆರೆಗಳನ್ನೂ ಪೂರ್ತಿ ಬಿಳಿ ಮಾಡುವ ಆಸೆಗೆ ಬೀಳದಿರುವುದು ಒಳ್ಳೆಯದು. ಬೆರಳ ತುದಿಯ ಗಾಢ ಬಣ್ಣ, ಮಣಿಕಟ್ಟಿನ ತಿಳಿ ಬಣ್ಣ ಎರಡೂ ಒಂದೇ ಬಿಳಿಯಾದರೆ ಮೆಹೆಂದಿ ಸ್ಟಿಕ್ಕರ್‌ನಂತೆ ಕಾಣುತ್ತದೆ.

ಸಿದ್ಧವಾದ ಕಪ್ಪು-ಬಿಳುಪು ಚಿತ್ರವನ್ನು ನಕಲು ಮಾಡಿಕೊಂಡು, ಮೂಲ ಚಿತ್ರದ ಮೇಲಿನ ಲೇಯರ್‌ಗೆ ಕಪ್ಪು ಮಾಸ್ಕ್ ಸೇರಿಸಿ, ಆ ಮಾಸ್ಕ್‌ನ ಮೇಲೆ ಒತ್ತಿ ಅಂಟಿಸಬೇಕು. ಅಂಟಿಸಿದ್ದು ತೇಲುತ್ತಿರುವ ಆಯ್ಕೆಯಾಗಿ ಕಂಡರೆ Anchor ಒತ್ತಿ ಕೂರಿಸಬೇಕು. ಅಲ್ಲಿಂದ ಮುಂದೆ ಆ ಲೇಯರ್‌ನಲ್ಲಿ ಏನೇ ಮಾಡಿದರೂ ಅದು ತಾಗುವುದು ಮೆಹೆಂದಿಗೆ ಮಾತ್ರ.

ಬಳೆಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಮಾಸ್ಕ್ ಅನ್ನೇ ಪರದೆಗೆ ತಂದು ನೋಡಿದರೆ ಆಂಟಿಕ್ ಬಳೆಯ ಕುಸುರಿ, ಕೆಂಪು ಹರಳುಗಳು ಬೆಳ್ಳಗೆ ಹೊಳೆಯುತ್ತಿರುತ್ತವೆ. ಅವುಗಳ ಸುತ್ತ ಗೆರೆ ಎಳೆದು ಆಯ್ದುಕೊಂಡು ಕಪ್ಪು ತುಂಬಿಸುವುದು ಸುಲಭದ ದಾರಿ. ಅಂಚಿನಲ್ಲಿ ಮಾತ್ರ ಸಣ್ಣ, ಮೆತ್ತನೆಯ ಬ್ರಷ್ ಬೇಕು. ಮೆಹೆಂದಿಯ ಬಳ್ಳಿ ಬಳೆಯ ಕೆಳಗೆ ನುಸುಳುವ ಕಡೆ ಮಾಸ್ಕ್ ಬಳೆಯಂಚಿಗೆ ಸರಿಯಾಗಿ ನಿಲ್ಲದೆ ಒಳಗೆ ಚಾಚಿದರೆ, ಚಿನ್ನದ ಮೇಲೆ ಕಂದು ಕಲೆಯೊಂದು ಅಂಟಿಕೊಂಡಂತೆ ಕಾಣುತ್ತದೆ. ಮೊದಲೇ ನಿಂತುಬಿಟ್ಟರೆ ಬಳೆಯ ಸುತ್ತ ಬಿಳಿಚಿದ ಪಟ್ಟಿ. ಎರಡು ಬಳೆಗಳ ನಡುವಿನ ಕಿಂಡಿಯಲ್ಲಿ ಇಣುಕುವ ಮೆಹೆಂದಿಯನ್ನು ಹಲವರು ಮರೆತೇಬಿಡುತ್ತಾರೆ. ಉಳಿದ ಕೈ ಕಡುಗೆಂಪಾಗಿ, ಕಿಂಡಿಯಲ್ಲಿ ಮಾತ್ರ ಹಳೆಯ ಕಿತ್ತಳೆ ಉಳಿದರೆ ಎಡಿಟ್ ಮಾಡಿದ್ದು ಅಲ್ಲೇ ಬಯಲಾಗುತ್ತದೆ. ಕಿಂಡಿಗಳಲ್ಲಿ ಮಾಸ್ಕ್‌ಗೆ ಬೂದು ಬಣ್ಣ ಬಳಿದರೆ ಅರ್ಧದಷ್ಟು ಪರಿಣಾಮ ತಾಗುತ್ತದೆ, ಬಳೆಯ ನೆರಳಿನಲ್ಲಿರುವ ಮೆಹೆಂದಿಗೆ ಅಷ್ಟು ಸಾಕು.

ಗಾಜಿನ ಬಳೆಯ ಹಸಿರು ಪ್ರತಿಫಲನ ಮಣಿಕಟ್ಟಿನ ಚರ್ಮದ ಮೇಲೆ ನಸುವಾಗಿ ಬಿದ್ದಿರುತ್ತದೆ. ಅದನ್ನು ಕೊಳೆ ಎಂದುಕೊಂಡು ಒರೆಸುವವರಿದ್ದಾರೆ. ಒರೆಸಿದ ಮೇಲೆ ಬಳೆ ಕೈಯಲ್ಲಿ ಕೂತಂತೆ ಕಾಣುವುದಿಲ್ಲ, ಚಿತ್ರದ ಮೇಲೆ ತಂದಿಟ್ಟಂತೆ ಕಾಣುತ್ತದೆ. ಚಿನ್ನದ ಮಾತೂ ಹೀಗೆಯೇ. ಚಿನ್ನ ಚಿನ್ನವಾಗಿ ಕಾಣುವುದು ಹಳದಿಯಿಂದಲ್ಲ, ಅಂಚಿನಲ್ಲಿ ಮಿಂಚುವ ಬಹುತೇಕ ಬಿಳಿಯಾದ ಗೆರೆ ಮತ್ತು ಅದರ ಪಕ್ಕದ ಕಡು ಕಂದು ನೆರಳು, ಈ ಎರಡರ ವಿರೋಧದಿಂದ. ಆ ಬಿಳಿ ಮಿಂಚಿಗೆ ಹಳದಿ ಏರಿದರೆ ಲೋಹದ ಗುಣ ಹೋಯಿತು. ಆದ್ದರಿಂದ ಬಳೆಗಳ ಮೇಲೆ ಏನೂ ಮಾಡದಿರುವುದೇ ಅವಕ್ಕೆ ಮಾಡಬಹುದಾದ ಉಪಕಾರ.

ಇನ್ನು ಬಣ್ಣ ಏರಿಸುವ ಸರದಿ. ಇಲ್ಲಿ ಸ್ಯಾಚುರೇಶನ್ ಮುಟ್ಟುವ ಅಗತ್ಯವೇ ಇಲ್ಲ. ಮೆಹೆಂದಿ ತಾನಾಗಿ ಹೇಗೆ ಕೆಂಪೇರುತ್ತದೋ ಅದೇ ದಾರಿಯಲ್ಲಿ ಹೋಗಬೇಕು. ಲೇಪ ಉದುರಿಸಿದಾಗ ಕಿತ್ತಳೆಯಾಗಿದ್ದ ಬಣ್ಣ, ಗಾಳಿಯಲ್ಲಿ ಆಕ್ಸಿಡೀಕರಣಗೊಂಡು ಒಂದೆರಡು ದಿನಗಳಲ್ಲಿ ಕೆಂಗಂದಾಗುತ್ತದೆ. ಆಗ ಮೂರೂ ಅಂಕಿಗಳು ಇಳಿಯುತ್ತವೆ, ಆದರೆ ಹಸಿರು ಮತ್ತು ನೀಲಿ ಹೆಚ್ಚು ಇಳಿಯುತ್ತವೆ. ಮೇಲಿನ ಲೇಯರ್‌ನ ಚಿತ್ರವನ್ನು (ಮಾಸ್ಕ್ ಅನ್ನಲ್ಲ) ಆರಿಸಿಕೊಂಡು Colors ಮೆನುವಿನ Curves ತೆರೆದು, ಒಂದೊಂದು ಚಾನೆಲ್‌ನ ಗೆರೆಯ ಮೇಲೂ ಒಂದೇ ಒಂದು ಬಿಂದು ಇಡಬೇಕು. ಕೆಂಪಿನಲ್ಲಿ 180 ಇದ್ದದ್ದು 150ಕ್ಕೆ, ಹಸಿರಿನಲ್ಲಿ 112 ಇದ್ದದ್ದು 78ಕ್ಕೆ, ನೀಲಿಯಲ್ಲಿ 75 ಇದ್ದದ್ದು 50ಕ್ಕೆ. ಗೆರೆಯ ಮೇಲ್ತುದಿಯನ್ನು ಇದ್ದಲ್ಲೇ ಬಿಡಬೇಕು. ಹಾಗೆ ಬಿಟ್ಟರೆ ಚರ್ಮದ ಮೇಲೆ ಬೆಳಕು ಮಿನುಗುವ ಚುಕ್ಕೆಗಳು ಮೆಹೆಂದಿಯ ಮೇಲೂ ಮಿನುಗುತ್ತಲೇ ಇರುತ್ತವೆ. ಮದರಂಗಿ ಚರ್ಮದೊಳಗೆ ಇಳಿದ ಬಣ್ಣ, ಮೇಲೆ ಬಳಿದದ್ದಲ್ಲ. ಆದ್ದರಿಂದ ಚರ್ಮದ ರೇಖೆ, ಹೊಳಪು ಎರಡೂ ಅದರ ಮೂಲಕ ಕಾಣಲೇಬೇಕು.

ಸಿಕ್ಕ ಬಣ್ಣ 150, 78, 50. ಕೋನದಲ್ಲಿ ಹೇಳುವುದಾದರೆ 17 ಡಿಗ್ರಿಯ ಹತ್ತಿರ, ಕೆಂಪಿನ ಕಡೆಗೆ ನಾಲ್ಕು ಡಿಗ್ರಿ ಸರಿದಿದೆ ಅಷ್ಟೆ. ಎರಡನೆಯ ದಿನದ ಮೆಹೆಂದಿ ಮುಂಗೈ ಮೇಲೆ ಹೀಗೆಯೇ ಇರುತ್ತದೆ. ಹೆಚ್ಚೆನಿಸಿದರೆ ಲೇಯರ್‌ನ ಅಪಾರದರ್ಶಕತೆಯನ್ನು 70ಕ್ಕೆ ಇಳಿಸಬಹುದು. ಇದಕ್ಕಿಂತ ಬಹಳ ಕೆಳಗೆ ಎಳೆದು ಕಪ್ಪಾಗಿಸುವುದು ಮಾತ್ರ ಬೇಡ. ಅಪ್ಪಟ ಮದರಂಗಿ ಚರ್ಮದ ಮೇಲೆ ಕಪ್ಪು ಬಣ್ಣ ಕೊಡುವುದಿಲ್ಲ. ಮಾರುಕಟ್ಟೆಯ ‘ಬ್ಲ್ಯಾಕ್ ಮೆಹೆಂದಿ’ಗೆ ಆ ಬಣ್ಣ ಬರುವುದು ಸಾಮಾನ್ಯವಾಗಿ ಕೂದಲಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕದಿಂದ, ಅದು ಚರ್ಮಕ್ಕೆ ಗುಳ್ಳೆ ಎಬ್ಬಿಸಬಲ್ಲದು. ಮೆಹೆಂದಿ ಹಾಕುವ ಹೆಣ್ಣುಮಕ್ಕಳು ತಮ್ಮ ಕೆಲಸದ ಚಿತ್ರಗಳನ್ನು ಹೀಗೆ ಕಪ್ಪಾಗಿಸಿ ಹಂಚಿದರೆ, ತಿಳಿದ ಗಿರಾಕಿ ಕೋನ್‌ನಲ್ಲಿ ಏನಿದೆಯೋ ಎಂದು ಅನುಮಾನಪಡುತ್ತಾಳೆ, ತಿಳಿಯದವಳು ಅದೇ ಬಣ್ಣ ಬೇಕೆಂದು ಹಟ ಹಿಡಿಯುತ್ತಾಳೆ. ಎರಡೂ ನಷ್ಟವೇ.

ಗೆರೆಗಳಿಗೆ ಚೂಪು ಬೇಕಿದ್ದರೆ ಅದನ್ನೂ ಇದೇ ಲೇಯರ್‌ನಲ್ಲಿ, ಇದೇ ಮಾಸ್ಕ್‌ನ ಒಳಗೇ ಮಾಡಬೇಕು. Filters ಮೆನುವಿನ Enhance ಅಡಿಯಲ್ಲಿರುವ Sharpen (Unsharp Mask) ಫಿಲ್ಟರ್‌ನಲ್ಲಿ ತ್ರಿಜ್ಯ ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು, ಪ್ರಮಾಣ 0.5ರ ಒಳಗೆ ಸಾಕು. ಗೆರೆಯ ಪಕ್ಕದಲ್ಲಿ ತೆಳು ಬಿಳಿ ಅಂಚು ಮೂಡಿತೆಂದರೆ ಪ್ರಮಾಣ ಮೀರಿದೆ ಎಂದರ್ಥ. ಲೇಪ ಬೇಗ ಉದುರಿ ಬಣ್ಣ ಹಿಡಿಯದ ತೇಪೆಗಳಿದ್ದರೆ, ಮಾಸ್ಕ್‌ನ ಆ ಜಾಗದಲ್ಲಿ ಬಿಳಿ ಬಣ್ಣವನ್ನು ಐದನೇ ಒಂದು ಪಾಲು ಒತ್ತಡದಲ್ಲಿ ಬಳಿಯುತ್ತ ಸುತ್ತಲಿನ ಮಟ್ಟಕ್ಕೆ ತರಬಹುದು. ಇಲ್ಲದ ಎಲೆ, ಹೂವನ್ನು ಬೇರೆಡೆಯಿಂದ ನಕಲು ಮಾಡಿ ಅಂಟಿಸುವುದು ಬೇರೆಯದೇ ಕೆಲಸ, ಅದು ಈ ಲೇಖನದ ವ್ಯಾಪ್ತಿಯಲ್ಲಿಲ್ಲ.

ಇಷ್ಟು ಹೊತ್ತು ಹೇಳಿದ್ದು ಮುಂಗೈಯ ಕಥೆ. ಅಂಗೈಗೆ ಬಂದರೆ ಕಳೆಯುವ ಲೆಕ್ಕ ಕೈಕೊಡುತ್ತದೆ. ಅಂಗೈಯ ಬರಿಯ ಚರ್ಮವೇ ಗುಲಾಬಿ, ಅಲ್ಲಿ ಕೆಂಪಿಗೂ ಹಸಿರಿಗೂ ಆಗಲೇ ದೊಡ್ಡ ಅಂತರವಿದೆ. 215, 150, 130ರಂಥ ಚರ್ಮದ ಮೇಲೆ 130, 65, 45ರಂಥ ಗಾಢ ಮೆಹೆಂದಿ ಇದ್ದರೆ ಎರಡಕ್ಕೂ ಸಿಗುವ ಉತ್ತರ 65. ಮಾಸ್ಕ್‌ನಲ್ಲಿ ಕೈಯೆಲ್ಲ ಒಂದೇ ಬೂದು. ಅದೃಷ್ಟಕ್ಕೆ ಅಂಗೈಯ ಹೊರಪದರ ದಪ್ಪ, ಬಣ್ಣ ಹಿಡಿಯುವುದೂ ಅಲ್ಲೇ ಹೆಚ್ಚು. ಹಾಗಾಗಿ ಹಸಿರು ಚಾನೆಲ್ ಒಂದರಲ್ಲೇ 150 ಮತ್ತು 65ರ ದೊಡ್ಡ ಅಂತರ ಸಿಗುತ್ತದೆ. ಆ ಚಾನೆಲ್ ಅನ್ನು ತಿರುಗುಮುರುಗು ಮಾಡಿ, ಅಂದರೆ Invert ಒತ್ತಿ, ಮೊದಲಿನಂತೆಯೇ Levels ಕಿಟಕಿಯಲ್ಲಿ ಚರ್ಮವನ್ನು ಕಪ್ಪಾಗಿಸಿ, ಅದನ್ನೇ ಮಾಸ್ಕ್ ಆಗಿ ಬಳಸಬಹುದು. ಈಗ ಅಂಗೈ ರೇಖೆ, ಬೆರಳ ಸಂದಿನ ನೆರಳು, ಹಸಿರು ಬಳೆಯ ಕಡು ಭಾಗ ಎಲ್ಲವೂ ಮಾಸ್ಕ್‌ಗೆ ಸೇರಿಕೊಳ್ಳುತ್ತವೆ. ಅವನ್ನು ಕಪ್ಪು ಬ್ರಷ್‌ನಿಂದ ಕೈಯಾರೆ ತೆಗೆಯುವುದು ಅನಿವಾರ್ಯ. ಅಂಗೈಯ ಮೆಹೆಂದಿಗೆ ಏರಿಸಬೇಕಾದದ್ದೂ ಕಡಿಮೆಯೇ, ಎಷ್ಟೋ ಸಲ ಏನೂ ಬೇಕಾಗುವುದಿಲ್ಲ.

ಕಂದು, ಕಪ್ಪು ಮೈಬಣ್ಣದ ಕೈಗಳಲ್ಲೂ ಹಸಿರು ಚಾನೆಲ್‌ನದೇ ದಾರಿ. ಅಲ್ಲಿ ಕೆಂಪು-ಹಸಿರಿನ ಅಂತರ ಚರ್ಮಕ್ಕೂ ಮೆಹೆಂದಿಗೂ ಸರಿಸುಮಾರು ಒಂದೇ ಆಗಿಬಿಡುತ್ತದೆ. ಇಂಥ ಚಿತ್ರ ಸಿಕ್ಕಾಗ ವಿನ್ಯಾಸ ಕಾಣಲೆಂದು ಕೈಯನ್ನೇ ಬೆಳ್ಳಗೆ ಮಾಡುವ ಚಾಳಿ ನಮ್ಮ ಆಲ್ಬಮ್ ಲೋಕದಲ್ಲಿ ಇನ್ನೂ ಹೋಗಿಲ್ಲ. ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ ಇರುವ ಮದುಮಗಳ ಚಿತ್ರಗಳು ಬರುವುದು ಹೀಗೆಯೇ. ಚರ್ಮದ ಅಂಕಿಗಳನ್ನು ಮುಟ್ಟದೆ ಮೆಹೆಂದಿಯನ್ನು ಮಾತ್ರ ಸ್ವಲ್ಪ ಇಳಿಸಿದರೆ ಕೈ ಕೈಯಾಗಿಯೇ ಉಳಿಯುತ್ತದೆ.

ಯಾವ ವಿಧಾನ ಹಿಡಿದರೂ ಮೂಲ ಕಡತ ಚೆನ್ನಾಗಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. ಸಾಮಾನ್ಯ ಜೆಪೆಗ್ ಸಂಕೋಚನ ಬೆಳಕು-ಕತ್ತಲೆಯ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಉದ್ದಗಲಗಳಲ್ಲಿ ಅರ್ಧಕ್ಕೆ ಇಳಿಸುವುದುಂಟು. ಕೆಂಪಿನಿಂದ ಹಸಿರನ್ನು ಕಳೆದಾಗ ನಾವು ನೆಚ್ಚಿಕೊಳ್ಳುವುದು ಆ ಬಣ್ಣದ ವಿವರವನ್ನೇ. ಹಾಗಾಗಿ ಮಾಸ್ಕ್‌ನಲ್ಲಿ ನವಿರು ಗೆರೆಗಳ ಬದಲು ಚೌಕ ಚೌಕದ ತುಂಡುಗಳು ಕಾಣುತ್ತವೆ. ಚೌಕಗಳು ಕಂಡರೆ ಮಾಸ್ಕ್ ತಿದ್ದಲು ಹೋಗದೆ, ಫೋಟೊ ತೆಗೆದವರಿಂದ ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಬೇಕು. ಅದು ಸಿಗದೇ ಹೋದರೆ ಹಸಿರು ಚಾನೆಲ್‌ನ ಮಾಸ್ಕೇ ಗತಿ, ಅದರಲ್ಲಿ ಬೆಳಕಿನ ವಿವರದ ಪಾಲು ಹೆಚ್ಚು.

ಫೋಟೊ ಇನ್ನೂ ತೆಗೆಯಬೇಕಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮುಹೂರ್ತಕ್ಕೆ ಎರಡು ದಿನ ಮೊದಲೇ ಮೆಹೆಂದಿ ಹಚ್ಚಿಸಿಕೊಂಡರೆ ಬಣ್ಣ ತಾನಾಗಿ ಏರಿರುತ್ತದೆ. ಮೊಬೈಲಿನ ಬ್ಯೂಟಿ ಮೋಡ್ ಆಫ್ ಮಾಡಿರಬೇಕು, ಅದು ಚರ್ಮ ನಯಗೊಳಿಸುವ ಭರದಲ್ಲಿ ತೆಳು ಗೆರೆಗಳನ್ನೂ ನುಂಗುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಸವರಿದರೆ ಬಣ್ಣ ಗಾಢವಾಗಿ ಕಾಣುವುದು ನಿಜ. ಎಣ್ಣೆ ಜಾಸ್ತಿಯಾದರೆ ಫ್ಲ್ಯಾಷ್ ಬೆಳಕು ಗೆಣ್ಣುಗಳ ಮೇಲೆ ಬಿಳಿ ಮಚ್ಚೆಯಾಗಿ ಕೂರುತ್ತದೆ, ಅಲ್ಲಿ ಮೂರೂ ಅಂಕಿ 255. ಅದರಡಿಯ ಮೆಹೆಂದಿಯನ್ನು ಯಾವ ಮಾಸ್ಕೂ ಮರಳಿ ತರಲಾರದು. ಟಿಶ್ಯೂ ಕಾಗದದಲ್ಲಿ ಒಮ್ಮೆ ಒತ್ತಿ, ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳುವಂತೆ ಕೂರಿಸಿದರೆ ಸಾಕು.

ಮೊಬೈಲಿನಲ್ಲೇ ಮುಗಿಸಬೇಕೆನ್ನುವವರಿಗೆ ಚಾನೆಲ್‌ಗಳ ಈ ಸೌಲಭ್ಯ ಸಾಮಾನ್ಯವಾಗಿ ಸಿಗುವುದಿಲ್ಲ. ಮಾಸ್ಕ್ ಮತ್ತು ಕರ್ವ್ ಇರುವ ಆ್ಯಪ್‌ನಲ್ಲಿ ಹಸಿರು, ನೀಲಿ ಗೆರೆಗಳನ್ನು ತುಸು ತಗ್ಗಿಸಿ, ಅದನ್ನು ಬೆರಳಿನಿಂದ ವಿನ್ಯಾಸದ ಮೇಲಷ್ಟೇ ಬಳಿಯಬಹುದು. ಅಗಲ ಗೆರೆಯ ಅರೇಬಿಕ್ ವಿನ್ಯಾಸಕ್ಕೆ ಇದು ನಡೆಯುತ್ತದೆ. ಜಾಲರಿಯಂಥ ರಾಜಸ್ಥಾನಿ ಕುಸುರಿಗೆ ನಡೆಯುವುದಿಲ್ಲ, ಬೆರಳ ತುದಿಗಿಂತ ಗೆರೆಯೇ ತೆಳು.

ಮುಗಿದ ಚಿತ್ರವನ್ನು ಪರೀಕ್ಷಿಸುವುದು ಕಷ್ಟವಲ್ಲ. ಬಣ್ಣ ಓದುವ ಪಿಚಕಾರಿಯನ್ನು ಗೆರೆಗಳ ನಡುವಿನ ಬರಿಯ ಚರ್ಮದ ಮೇಲಿಟ್ಟರೆ ಮೊದಲಿನ ಅದೇ 205, 160, 130 ಸಿಗಬೇಕು. ಐದಾರು ಅಂಕಿ ಆಚೀಚೆ ಆಗಿದ್ದರೆ ಮಾಸ್ಕ್ ಸೋರುತ್ತಿದೆ, Levels ಕಿಟಕಿಯ ಕಪ್ಪು ತ್ರಿಕೋನವನ್ನು ಇನ್ನಷ್ಟು ಸರಿಸಬೇಕು. ಬಳೆಯ ಮೇಲೂ ಹೀಗೆಯೇ ಒಂದೆರಡು ಕಡೆ ಓದಬಹುದು. ಆಮೇಲೆ ಚಿತ್ರವನ್ನು ಪೂರ್ಣ ಅಳತೆಗೆ ಹಿಗ್ಗಿಸಿ, ಮೇಲಿನ ಲೇಯರ್‌ನ ಕಣ್ಣನ್ನು ತೆರೆದು ಮುಚ್ಚಿ ನೋಡಬೇಕು. ಮುಚ್ಚಿ ತೆರೆಯುವಾಗ ಕದಲಬೇಕಾದದ್ದು ಮೆಹೆಂದಿ ಮಾತ್ರ.

ಲೇಯರ್‌ಗಳು ಇರುವ ಕಡತವನ್ನು ಗಿಂಪ್‌ನ .xcf ರೂಪದಲ್ಲಿ ಬೇರೆಯಾಗಿ ಉಳಿಸಿ. ಪರದೆಯಲ್ಲಿ ಹದವಾಗಿ ಕಂಡ ಕೆಂಗಂದು ಬಣ್ಣ ಕಾಗದದ ಮೇಲೆ ಇನ್ನಷ್ಟು ಕಪ್ಪಾಗಿ ಬರುವುದು ಸಾಮಾನ್ಯ. ಇಡೀ ಆಲ್ಬಮ್ ಅಚ್ಚಿಗೆ ಹೋಗುವ ಮೊದಲು ಅದೇ ಲ್ಯಾಬ್‌ನಲ್ಲಿ ಒಂದು 4×6 ಪ್ರಿಂಟ್ ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಕಪ್ಪೆನಿಸಿದರೆ ಮೇಲಿನ ಲೇಯರ್‌ನ ಅಪಾರದರ್ಶಕತೆಯನ್ನು 50ಕ್ಕೆ ಇಳಿಸಿ ಮತ್ತೆ ಕಳಿಸಿ.